ಬಾಡಿಗೆ ಬಾರದ ಆಸ್ತಿಗೆ ಬೆಲೆ ಕಟ್ಟುವುದು ಹೇಗೆ?

ಕಳೆದ ತಿಂಗಳು ಅಕ್ಕನ ಮಗ ಮೊಬೈಲನ್ನು ನನ್ನ ಮುಂದಿಟ್ಟು ಕುಳಿತ. ಪರದೆಯ ಮೇಲೆ ಬಿಟ್‌ಕಾಯಿನ್ ದರ ಕ್ಷಣಕ್ಕೊಮ್ಮೆ ಬದಲಾಗುತ್ತಿತ್ತು. ‘ಮಾವ, ಪೇಟೆ ಬೀದಿಯ ಮಳಿಗೆಗೆ ನೀವು ಲೆಕ್ಕ ಹಾಕಿದಿರಲ್ಲ, ಹಾಗೆಯೇ ಇದಕ್ಕೂ ಹಾಕಿಕೊಡಿ. ಈಗಿನ ದರ ಹೆಚ್ಚೋ ಕಡಿಮೆಯೋ ತಿಳಿಯಬೇಕು’ ಎಂದ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಾಗದ ತೆಗೆದುಕೊಂಡು ಇಬ್ಬರೂ ಮಳಿಗೆಯಿಂದಲೇ ಶುರು ಮಾಡಿದೆವು. ನೀವೂ ಹಾಗೆಯೇ ಮಾಡಿ ನೋಡಿ.

ಮೊದಲು ಬಾಡಿಗೆಯ ಲೆಕ್ಕ

ಮಂಡ್ಯದ ಆ ಮಳಿಗೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ, ವರ್ಷಕ್ಕೆ 1.80 ಲಕ್ಷ. ಕಂದಾಯ, ಸುಣ್ಣಬಣ್ಣ, ಆಗಾಗ ಖಾಲಿ ಬೀಳುವ ದಿನಗಳಿಗೆಂದು 30,000 ಕಳೆದರೆ ಕೈಗೆ ಉಳಿಯುವುದು 1.50 ಲಕ್ಷ. ಬಾಡಿಗೆ ವರ್ಷಕ್ಕೆ ಶೇ 5ರಷ್ಟು ಏರುತ್ತದೆ, ನನ್ನ ಹಣಕ್ಕೆ ಒಟ್ಟು ಶೇ 11ರಷ್ಟು ಪ್ರತಿಫಲ ಬೇಕು ಎಂದುಕೊಳ್ಳಿ. ಉಳಿಯುವ ಬಾಡಿಗೆಯನ್ನು ಈ ಎರಡರ ವ್ಯತ್ಯಾಸದಿಂದ, ಅಂದರೆ ಶೇ 6ರಿಂದ, ಭಾಗಿಸಬೇಕು. ಬರುವ ಉತ್ತರ 25 ಲಕ್ಷ.

ಮಾಲೀಕರು ಕೇಳುತ್ತಿದ್ದದ್ದು 40 ಲಕ್ಷ. ಲೆಕ್ಕವನ್ನು ಹಿಂದುಮುಂದು ಮಾಡಿದರೆ, ಆ ಬೆಲೆ ಸರಿಹೊಂದಬೇಕಾದರೆ ಬಾಡಿಗೆ ಪ್ರತಿ ವರ್ಷ ಶೇ 7.25ರಂತೆ ಏರುತ್ತಲೇ ಇರಬೇಕು. ಇದು ಸಾಧ್ಯವೇ ಎಂದು ಅಕ್ಕಪಕ್ಕದ ನಾಲ್ಕು ಅಂಗಡಿಯವರನ್ನು ವಿಚಾರಿಸಬಹುದು, ಹಳೆಯ ಕರಾರುಪತ್ರ ತೆಗೆಸಿ ನೋಡಬಹುದು. ಒಪ್ಪಿಗೆ ಆಗದಿದ್ದರೂ ವಾದ ಮಾಡಲು ನೆಲೆಯೊಂದಿದೆ. ಮಳಿಗೆಯನ್ನು ಯಾರೂ ಕೊಳ್ಳದೇ ಹೋದರೂ ತಿಂಗಳ ಮೊದಲ ವಾರ ಬಾಡಿಗೆ ಬಂದೇ ಬರುತ್ತದೆ ಎಂಬುದೇ ಆ ನೆಲೆ.

ಬಾಡಿಗೆಯ ಜಾಗದಲ್ಲಿ ಸೊನ್ನೆ

ಈಗ ಅದೇ ಲೆಕ್ಕಕ್ಕೆ ಬಿಟ್‌ಕಾಯಿನ್ ತನ್ನಿ. ಅದಕ್ಕೆ ಬಾಡಿಗೆಯಿಲ್ಲ, ಬಡ್ಡಿಯಿಲ್ಲ, ಷೇರಿನಂತೆ ಲಾಭಾಂಶವಿಲ್ಲ. ಹತ್ತು ವರ್ಷ ಇಟ್ಟುಕೊಂಡರೂ ಒಂದು ನಾಣ್ಯ ಒಂದಾಗಿಯೇ ಇರುತ್ತದೆ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ.

ಆದರೆ ಅದರ ಬೆಲೆಯೇ ಸೊನ್ನೆ ಎಂದು ಇದರಿಂದ ಹೇಳಲಾಗದು. ಚಿನ್ನಕ್ಕೂ ಬಾಡಿಗೆ ಬರುವುದಿಲ್ಲ. ಈ ತಕ್ಕಡಿಯಲ್ಲಿ ಇಂಥ ವಸ್ತುವನ್ನು ತೂಗಲಾಗದು ಎಂದಷ್ಟೇ ಅರ್ಥ. ಚಿನ್ನಕ್ಕಾದರೂ ಮದುವೆಯ ಒಡವೆಯ ಬೇಡಿಕೆ ಒಂದು ಆಸರೆಯಾಗಿದೆ.

ಹಾಗಾದರೆ ಹಣ ಬರುವುದು ಎಲ್ಲಿಂದ? ಮಾರಿದಾಗ ಮಾತ್ರ. ಐದು ವರ್ಷದ ನಂತರ ಒಂದು ನಾಣ್ಯ 10 ಲಕ್ಷಕ್ಕೆ ಹೋಗುತ್ತದೆ, ನನಗೆ ಶೇ 12 ಪ್ರತಿಫಲ ಬೇಕು ಎಂದರೆ ಇಂದು ಅದಕ್ಕೆ ಕೊಡಬಹುದಾದದ್ದು ಸುಮಾರು 5.67 ಲಕ್ಷ. 20 ಲಕ್ಷಕ್ಕೆ ಹೋಗುತ್ತದೆ ಎಂದರೆ 11.35 ಲಕ್ಷ. ಹುಡುಗ ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದ. ಹಾಕಿದ್ದೇ ಬಂದಿತ್ತು. ಮುಂದಿನ ಬೆಲೆಯನ್ನು ಊಹಿಸಿ ಇಂದಿನ ಬೆಲೆಯನ್ನು ಪಡೆದಿದ್ದೆವು. ಮುಂದೆ ಕೊಳ್ಳುವವನೂ ತನ್ನ ನಂತರ ಕೊಳ್ಳುವವನನ್ನು ನೆನೆದೇ ಬೆಲೆ ಹೇಳಬೇಕು.

ಶೇ 12 ಎಂಬುದೂ ಗಟ್ಟಿಯಲ್ಲ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ ಬಿಟ್‌ಕಾಯಿನ್, ಒಂದು ವರ್ಷದಲ್ಲಿ 16,000ಕ್ಕಿಂತ ಕೆಳಗೆ ಬಿದ್ದಿತ್ತು. ಅಂಥ ಏರಿಳಿತಕ್ಕೆ ಶೇ 12 ಸಾಕೆಂದು ಒಬ್ಬ, ಶೇ 40 ಬೇಕೆಂದು ಇನ್ನೊಬ್ಬ ಹೇಳಿದರೆ ಇಬ್ಬರಲ್ಲಿ ಯಾರು ಸರಿ ಎನ್ನಲು ಆಧಾರವಿಲ್ಲ.

ಉತ್ಪಾದನಾ ವೆಚ್ಚ ಕೈಹಿಡಿಯುತ್ತದೆಯೇ?

‘ಒಂದು ನಾಣ್ಯ ತಯಾರಿಸಲು ಎಷ್ಟು ವಿದ್ಯುತ್ ಖರ್ಚಾಗುತ್ತದೋ ಅದಕ್ಕಿಂತ ಕೆಳಗೆ ಬೆಲೆ ಇಳಿಯಲಾರದಲ್ಲವೇ?’ ಎಂದು ಅವನು ಕೇಳಿದ. ಬಹಳ ಜನ ಎಡವುವುದು ಇಲ್ಲಿಯೇ, ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ.

ನಮ್ಮ ಆಲೆಮನೆಯನ್ನು ನೆನಪಿಸಿಕೊಳ್ಳಿ. ಬೆಲ್ಲದ ದರ ಕಬ್ಬಿನ ಖರ್ಚು, ಆಳಿನ ಕೂಲಿಗಿಂತ ಕೆಳಗಿಳಿದರೆ ಕೆಲವರು ಒಲೆ ಆರಿಸುತ್ತಾರೆ. ಕೊಪ್ಪರಿಗೆ ಖಾಲಿಯಾಗುತ್ತದೆ, ಮಾರುಕಟ್ಟೆಗೆ ಬೆಲ್ಲ ಬರುವುದು ತಗ್ಗುತ್ತದೆ, ತಿನ್ನುವವರು ತಿನ್ನುತ್ತಲೇ ಇರುವುದರಿಂದ ದರ ಮತ್ತೆ ಚೇತರಿಸಿಕೊಳ್ಳುತ್ತದೆ. ವೆಚ್ಚ ಬೆಲೆಯನ್ನು ಮೇಲೆತ್ತುವುದು ಸರಕು ಕಡಿಮೆಯಾಗುವುದರ ಮೂಲಕ.

ಬಿಟ್‌ಕಾಯಿನ್ ಗಣಿಗಾರಿಕೆಯಲ್ಲಿ ಈ ಕೊಂಡಿಯೇ ಇಲ್ಲ. ಅಲ್ಲಿ ಯಂತ್ರಗಳು ಪೈಪೋಟಿಯಲ್ಲಿ ಒಂದು ಲೆಕ್ಕ ಬಿಡಿಸುತ್ತವೆ, ಮೊದಲು ಬಿಡಿಸಿದವರು ವಹಿವಾಟುಗಳ ಒಂದು ಕಟ್ಟನ್ನು, ಅಂದರೆ ಬ್ಲಾಕನ್ನು, ದಾಖಲೆಗೆ ಸೇರಿಸಿ ಹೊಸ ನಾಣ್ಯ ಪಡೆಯುತ್ತಾರೆ. ಹೀಗೆ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ. 2024ರ ಏಪ್ರಿಲಿನಿಂದ ಪ್ರತಿ ಬ್ಲಾಕಿಗೆ 3.125 ಹೊಸ ನಾಣ್ಯ, ದಿನಕ್ಕೆ ಸುಮಾರು 450. ಪ್ರತಿ 2016 ಬ್ಲಾಕಿಗೊಮ್ಮೆ, ಅಂದರೆ ಎರಡು ವಾರಕ್ಕೊಮ್ಮೆ, ಲೆಕ್ಕದ ಕಠಿಣತೆಯನ್ನು ಜಾಲವೇ ಹೊಂದಿಸಿಕೊಳ್ಳುತ್ತದೆ. ಯಂತ್ರಗಳು ಕಡಿಮೆಯಾದರೆ ಲೆಕ್ಕ ಸುಲಭವಾಗುತ್ತದೆ, ಹೆಚ್ಚಾದರೆ ಕಠಿಣವಾಗುತ್ತದೆ. ಅರ್ಧದಷ್ಟು ಆಲೆಮನೆಗಳು ಮುಚ್ಚಿದರೂ ಕೆಲವೇ ವಾರಗಳಲ್ಲಿ ಉಳಿದವುಗಳಿಂದ ಅಷ್ಟೇ ಬೆಲ್ಲ, ಅದೂ ಅಗ್ಗವಾಗಿ, ಹೊರಬಂದಂತೆ.

2021ರಲ್ಲಿ ಇದು ಕಣ್ಣೆದುರೇ ನಡೆಯಿತು. ಚೀನಾ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅಪಾರ ಸಂಖ್ಯೆಯ ಯಂತ್ರಗಳು ಸ್ತಬ್ಧವಾದವು. ಜುಲೈನಲ್ಲಿ ಕಠಿಣತೆ ಒಂದೇ ಬಾರಿಗೆ ಸುಮಾರು ಶೇ 28ರಷ್ಟು ಇಳಿಯಿತು, ಹೊಸ ನಾಣ್ಯಗಳು ಎಂದಿನ ವೇಗಕ್ಕೆ ಮರಳಿದವು. ಉಳಿದ ಗಣಿಗಾರರಿಗೆ ನಾಣ್ಯವೊಂದರ ಖರ್ಚು ತಗ್ಗಿತು. ಹೀಗೆ ಬೆಲೆ ಇಳಿದಾಗ ವೆಚ್ಚವೂ ಇಳಿಯುತ್ತದೆ, ಏರಿದಾಗ ಹೊಸ ಯಂತ್ರಗಳು ನುಗ್ಗಿ ವೆಚ್ಚವೂ ಏರುತ್ತದೆ. ಹಸುವಿನ ಹಿಂದೆ ಹೋಗುವ ಕರುವನ್ನು ನೋಡಿ ಹಸು ಎಲ್ಲಿಗೆ ಹೊರಟಿದೆ ಎಂದು ಹೇಳಲಾಗದು. ಯಾರಾದರೂ ‘ಉತ್ಪಾದನಾ ವೆಚ್ಚವೇ ತಳ’ ಎಂದರೆ, ಕಳೆದ ವರ್ಷದ ವೆಚ್ಚ ಎಷ್ಟಿತ್ತು, ಆಗಿನ ಬೆಲೆ ಎಷ್ಟಿತ್ತು ಎಂದು ಕೇಳಿ. ಎರಡೂ ಜೊತೆಯಾಗಿಯೇ ನಡೆದಿರುವುದು ಕಾಣುತ್ತದೆ.

ಈಥರ್‌ನಂಥ ಕೆಲವು ನಾಣ್ಯಗಳನ್ನು ಜಾಲದಲ್ಲಿ ಒತ್ತೆಯಿಟ್ಟರೆ ವರ್ಷಕ್ಕಿಷ್ಟು ಪ್ರತಿಫಲ ಸಿಗುತ್ತದೆ. ಅದನ್ನು ಬಾಡಿಗೆ ಎನ್ನುವ ಮೊದಲು, ಅದರಲ್ಲಿ ಎಷ್ಟು ಹೊಸದಾಗಿ ಸೃಷ್ಟಿಸಿದ ನಾಣ್ಯ, ಎಷ್ಟು ಬಳಕೆದಾರರು ಕೊಟ್ಟ ಶುಲ್ಕ ಎಂದು ಬೇರ್ಪಡಿಸಿ. ಹೊಸ ನಾಣ್ಯ ಹಳೆಯ ನಾಣ್ಯದ ಪಾಲನ್ನು ತೆಳುಮಾಡಿ ಕೊಟ್ಟದ್ದು, ಶುಲ್ಕವೊಂದೇ ಹೊರಗಿನಿಂದ ಬಂದದ್ದು. ಆ ಶುಲ್ಕವೂ ಈಥರ್‌ನಲ್ಲಿಯೇ ಬರುತ್ತದೆ, ರೂಪಾಯಿಯಲ್ಲಿ ಅದರ ಬೆಲೆ ಎಷ್ಟೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಬೆಲೆಯಿಂದ ಹಿಂದಕ್ಕೆ ಲೆಕ್ಕ

ಹಾಗಾಗಿ ನಾವಿಬ್ಬರೂ ಬೆಲೆ ಕಟ್ಟುವುದನ್ನು ಬಿಟ್ಟು, 40 ಲಕ್ಷದ ಮಳಿಗೆಗೆ ಮಾಡಿದಂತೆ ತಿರುವು ಲೆಕ್ಕ ಹಾಕಿದೆವು. ಇಂದಿನ ದರಕ್ಕೆ ಕೊಂಡರೆ ಏನಾಗಬೇಕು? ಐದು ವರ್ಷ ಶೇ 12 ಸಿಗಬೇಕಾದರೆ 1 ಲಕ್ಷ ಹಾಕಿದವನ ಕೈಗೆ 1.76 ಲಕ್ಷ ಬರಬೇಕು. 2022ರ ಏಪ್ರಿಲಿನಿಂದ ಇಂಥ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆಯಿದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಪ್ರತಿಫಲವೆಲ್ಲ ಮಾರಾಟದಲ್ಲಿಯೇ ಇರುವುದರಿಂದ ತೆರಿಗೆ ಪೂರ್ತಿಯಾಗಿ ಅದರ ಮೇಲೆಯೇ ಬೀಳುತ್ತದೆ. ತೆರಿಗೆ, ಅದರ ಮೇಲಿನ ಸೆಸ್ ಸೇರಿಸಿದರೆ 1 ಲಕ್ಷದ ನಾಣ್ಯ ಸುಮಾರು 2.11 ಲಕ್ಷಕ್ಕೆ ಮಾರಾಟವಾಗಬೇಕು.

ಅಂದರೆ ಐದು ವರ್ಷದಲ್ಲಿ ದರ ದುಪ್ಪಟ್ಟಿಗಿಂತ ತುಸು ಹೆಚ್ಚಾಗಬೇಕು, ಹೆಚ್ಚುಕಡಿಮೆ 2 ಕೋಟಿ ನಾಣ್ಯಗಳಿಗೂ ಆ ದರ ನಿಲ್ಲಬೇಕು. ಹುಡುಗ ಕಾಗದದ ಕೆಳಗೆ ‘2.11 ಕೊಡುವವರು ಯಾರು, ಏತಕ್ಕಾಗಿ?’ ಎಂದು ಬರೆದು, ಅದರ ಮುಂದೆ ಉತ್ತರಕ್ಕೆಂದು ನಾಲ್ಕು ಸಾಲು ಜಾಗ ಬಿಟ್ಟ.