ಡ್ರೈ ಫ್ರೂಟ್ ಬಾಕ್ಸ್: ಕಿಟಕಿಯಲ್ಲಿ ಖಾಲಿ ಜಾಗ ಕಾಣುತ್ತಿದ್ದದ್ದು ಸರಿಹೋದ ಬಗೆ

ದಾವಣಗೆರೆಯಲ್ಲಿ ತುಂಬಿದಾಗ ದೀಪಾವಳಿ ಬಾಕ್ಸ್ ಚೆನ್ನಾಗೇ ಕಾಣುತ್ತಿತ್ತು. ಚಿತ್ರದುರ್ಗದಲ್ಲಿ ಇಳಿಸುವಾಗ ಬಾದಾಮಿ ಒಂದು ಮೂಲೆಗೆ ಜಾರಿ, ಮುಚ್ಚಳದ ಫಿಲ್ಮ್ ಕಿಟಕಿಯಲ್ಲಿ ಬರೀ ರಟ್ಟು ಕಾಣುತ್ತಿತ್ತು. ದ್ರಾಕ್ಷಿ ತಾಗಿ ಫಿಲ್ಮ್ ಕೂಡ ಮಸುಕು. 400 ಗ್ರಾಂ ಬಾಕ್ಸ್‌ನಲ್ಲೇ ಈ ಕಾಟ ಜಾಸ್ತಿ.

ಕತ್ತರಿಸಿದ ಬಣ್ಣದ ಕಾಗದ ತುಂಬಿದೆ, ಅದೇ ಮೇಲೆ ಬಂತು. ದಪ್ಪ ಫಿಲ್ಮ್‌ಗೆ ಸುಮ್ನೆ ದುಡ್ಡು ಹೋಯಿತು. ಮುಚ್ಚಳಕ್ಕೆ ಟೇಪ್ ಹಾಕಿದರೂ ಒಳಗಿನದು ಅಲುಗಾಡುತ್ತಲೇ ಇತ್ತು.

ತಪ್ಪು ಆಳದಲ್ಲಿತ್ತು. ಮೂರು ದರಕ್ಕೂ ಒಂದೇ ಬಾಕ್ಸ್: ನಾಲ್ಕು ಮನೆ, ಪ್ರತಿಯೊಂದೂ 95 ಮಿ.ಮೀ. ಚೌಕ, 40 ಮಿ.ಮೀ. ಆಳ. 200 ಗ್ರಾಂ ಬಾದಾಮಿ ಅದನ್ನು ತುಂಬುತ್ತದೆ, 100 ಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ತಳ ಎತ್ತರಿಸಿದೆ. 499 ರೂಪಾಯಿಯ 400 ಗ್ರಾಂಗೆ 20 ಮಿ.ಮೀ. ರಟ್ಟು, 749ರ 600 ಗ್ರಾಂಗೆ 10, 949ರ 800 ಗ್ರಾಂಗೆ ಏನೂ ಬೇಡ. ದ್ರಾಕ್ಷಿ ಒತ್ತಾಗಿ ಕೂರುತ್ತದೆ, ಅದರ ಮನೆಗೆ ಇನ್ನೂ 3 ಮಿ.ಮೀ. ಬೇಕು.

ಆಮೇಲಿನ ಕ್ರಮ: ತೂಗಿ, ಪೌಚ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಸೀಲ್ ಮಾಡಿ. ರಟ್ಟಿನ ಮೇಲೆ ಜೋಡಿಸಿ. ಶುಭಾಶಯದ ಕಾರ್ಡನ್ನು ಕೊನೆಗೆ, ಪೌಚ್‌ಗಳ ಮೇಲಿಡಿ. ಮೊದಲು ಅದನ್ನು ತಳದಲ್ಲಿಡುತ್ತಿದ್ದೆ! 350 ಜಿಎಸ್‌ಎಂ ಕಾರ್ಡ್, ಬಾಕ್ಸ್‌ನ ಒಳ ಅಳತೆಗೆ ಸರಿಯಾಗಿ. ಅದರ ಕಿಂಡಿ ಮುಚ್ಚಳದ ಕಿಟಕಿಗಿಂತ ಪ್ರತಿ ಬದಿ 6 ಮಿ.ಮೀ. ಚಿಕ್ಕದಿರಲಿ. ಆ ಅಂಚೇ ಪೌಚ್‌ಗಳನ್ನು ಒತ್ತಿ ಹಿಡಿಯುತ್ತದೆ. ಶುಭಾಶಯವನ್ನು ಕೆಳಗಿನ ಪಟ್ಟಿಯಲ್ಲಿ ಅಚ್ಚು ಹಾಕಿಸಿ.

ಬಾಕ್ಸನ್ನು ನಿಲ್ಲಿಸಿ ಹತ್ತು ಸಲ ಕುಲುಕಿ. ಸದ್ದು ಬಂದರೆ ತಳಕ್ಕೆ ಇನ್ನೊಂದು ಪದರ. ಮುಚ್ಚಳ ಉಬ್ಬಿದರೆ ಒಂದು ತೆಗೆಯಿರಿ.