ಮಂತ್ರ ಕಲಿಯುವವರಿಗೆ ಓದೋ ಹಾಳೆ ಬರೆಯುವುದು ಹೇಗೆ?

ಶಿವರಾತ್ರಿ ಹತ್ತಿರ ಬಂತೆಂದರೆ ಬೆಳಗಾವಿಯ ಓಣಿ ಓಣಿಯಲ್ಲೂ ಮೃತ್ಯುಂಜಯ ಮಂತ್ರದ ಝೆರಾಕ್ಸ್ ಹಾಳೆ ಕೈಬದಲಾಗುತ್ತದೆ. ಪುಸ್ತಕದಲ್ಲಿದ್ದಂತೆ ಎರಡು ಸಾಲು ಒತ್ತಾಗಿ ಅಚ್ಚು ಹಾಕಿರುತ್ತಾರೆ. ಹೊಸಬರು ಅದನ್ನು ನೋಡಿ ಓದಿದರೆ ಅರ್ಧಕ್ಕೇ ಉಸಿರು ಕಟ್ಟುತ್ತದೆ. ಬಿಡಿಸಿ ಬರೆದ ಒಂದು ಹಾಳೆ ನೀವೇ ಮಾಡಿಕೊಡಬಹುದು.

ಮೊದಲು, ಅಕ್ಷರ ನೋಡಿ ಒಡೆಯಬೇಡಿ, ಕಿವಿಗೆ ಕೇಳುವಂತೆ ಒಡೆಯಿರಿ. ‘ಪುಷ್ಟಿ’ಯನ್ನು ಪು-ಷ್ಟಿ ಅಂತ ಬರೆದರೆ ಓದುವವರು ‘ಪು’ವನ್ನು ಚಿಕ್ಕದಾಗಿ ಹಾರಿಸಿಬಿಡುತ್ತಾರೆ. ಪುಷ್-ಟಿ ಅಂತ ಬರೆದರೆ ‘ಪುಷ್’ ಮೇಲೆ ನಾಲಗೆ ತಾನಾಗಿ ನಿಲ್ಲುತ್ತದೆ. ಒತ್ತಕ್ಷರದ ಹಿಂದಿನದು ಗುರು ಅಂತ ಶಾಲೆಯಲ್ಲಿ ಛಂದಸ್ಸಿನ ಪಾಠದಲ್ಲಿ ಓದಿದ್ದು ಇದೇ ಅಲ್ವಾ. ಅರ್ಕಾವತ್ತಿನದು ಇನ್ನೂ ತಾಪತ್ರಯ: ‘ರ್’ ಮೊದಲು ಉಚ್ಚಾರವಾದರೂ ಅದರ ಗುರುತು ಮುಂದಿನ ಅಕ್ಷರ ಮುಗಿದ ಮೇಲೆ ಬರುತ್ತದೆ. ಹೊಸಬರು ತಡವರಿಸುವುದು ಅಲ್ಲೇ. ಹಾಗಾಗಿ ಉರ್-ವಾ, ವರ್-ಧ ಅಂತ ಬಿಡಿಸಿಯೇ ಬರೆಯಿರಿ.

ಆಮೇಲೆ ಸೊನ್ನೆ. ಕನ್ನಡದಲ್ಲಿ ಒಂದೇ ಸೊನ್ನೆ ಹಾಕಿ ಬಿಡುತ್ತೇವೆ, ದನಿ ಮಾತ್ರ ಬೇರೆ ಬೇರೆ. ‘ತ್ರ್ಯಂಬಕ’ದಲ್ಲಿ ತುಟಿ ಮುಚ್ಚಬೇಕು, ‘ಸುಗಂಧಿ’ಯಲ್ಲಿ ನಾಲಗೆ ಹಲ್ಲಿಗೆ ತಾಗಬೇಕು. ಒಂದು ಕಡೆ ‘ಮ್’, ಇನ್ನೊಂದು ಕಡೆ ‘ನ್’ ಅಂತಲೇ ಬರೆದುಬಿಡಿ. ಸಂಸ್ಕೃತದಲ್ಲಿ ಗಿಡ್ಡ ‘ಎ’, ‘ಒ’ ಇಲ್ಲ, ಅದಕ್ಕೇ ‘ಹೇ’ಗೆ ದೀರ್ಘ ಮರೆಯಬಾರದು. ಹೀಗೆ ಬರುತ್ತದೆ:

ತ್ರ್ಯಮ್-ಬ-ಕಂ ಯ-ಜಾ-ಮ-ಹೇ |
ಸು-ಗನ್-ಧಿಂ ಪುಷ್-ಟಿ-ವರ್-ಧ-ನಮ್ ||
ಉರ್-ವಾ-ರು-ಕ-ಮಿ-ವ ಬನ್-ಧ-ನಾನ್
ಮೃತ್-ಯೋರ್ ಮುಕ್-ಷೀ-ಯ ಮಾ-ಮೃ-ತಾತ್ ||

ಒಂದು ಗೆರೆಗೆ ಚಿಕ್ಕ ತಡೆ, ಎರಡು ಗೆರೆಗೆ ಪೂರ್ತಿ ಉಸಿರು. ಅಡ್ಡಗೆರೆ ಬರೀ ಕಣ್ಣಿಗೆ, ಅಲ್ಲಿ ನಿಲ್ಲುವಂತಿಲ್ಲ. ಇದನ್ನು ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ, ಇಲ್ಲದಿದ್ದರೆ ಪ್ರತಿ ಅಡ್ಡಗೆರೆಗೂ ಒಂದೊಂದು ಸಲ ನಿಂತು ಮಗ್ಗಿ ಒಪ್ಪಿಸಿದ ಹಾಗೆ ಓದುತ್ತಾರೆ.

ಬರೆದ ಮೇಲೆ ತುಂಡುಗಳನ್ನು ಬೆರಳು ಮಡಚಿ ಎಣಿಸಿ. ಸಾಲಿಗೆ 7, 8, 9, 8 ಬರಬೇಕು, ಒಟ್ಟು 32. ಇದು ಅನುಷ್ಟುಪ್ ಛಂದಸ್ಸು, ಸಾಲಿಗೆ 8 ಇರಬೇಕಲ್ಲ ಅಂತ ಯಾರಾದರೂ ಕೇಳಬಹುದು. ಮೊದಲ ಸಾಲಿನಲ್ಲಿ ‘ತ್ರಿಯಂಬಕಂ’ ಅಂತ ಬಿಡಿಸಿದರೆ 8 ಆಗುತ್ತದೆ, ಮೂರನೆಯದರಲ್ಲಿ ‘ಇವ’ದ ‘ಇ’ ನುಂಗಿದರೆ 8ಕ್ಕೆ ಇಳಿಯುತ್ತದೆ. ಆದರೆ ಸಂಪ್ರದಾಯದಲ್ಲಿ ಹೇಳುವುದು ಮೇಲೆ ಬರೆದಂತೆಯೇ, ಲೆಕ್ಕ ಸರಿಮಾಡಲು ಹೋಗಬೇಡಿ.

ಈಗ ಎಲ್ಲಿ ನಿಲ್ಲಬೇಕು ಅನ್ನುವುದು. ಮೂರನೇ ಸಾಲಿನ ಕೊನೆಗೆ ಬೇಕಂತಲೇ ಗೆರೆ ಹಾಕಿಲ್ಲ. ಅಲ್ಲಿನ ಮಾತು ಅಸಲಿಗೆ ‘ಬನ್ಧನಾತ್’. ಮುಂದೆ ‘ಮೃತ್ಯೋ’ದ ‘ಮ’ ಬಂದಿದ್ದರಿಂದ ‘ತ್’ ಹೋಗಿ ‘ನ್’ ಆಗಿದೆ. ಅಂದರೆ ‘ನಾನ್’ ಅಂತ ಹೇಳಿದಿರಾದರೆ ಮುಂದಿನ ಸಾಲಿಗೆ ಸೇರಿಸಿಯೇ ಹೇಳಬೇಕು. ‘ಕಾಕಾ, ಅಷ್ಟು ಉದ್ದ ಉಸಿರು ಹಿಡಿಯಾಕ ಆಗೂದಿಲ್ರೀ’ ಅನ್ನುವ ವಯಸ್ಸಾದವರಿಗೆ ಬೇರೆ ಹಾಳೆ ಕೊಡಿ. ಅದರಲ್ಲಿ ‘ಬನ್-ಧ-ನಾತ್ |’ ಅಂತ ಬರೆದು ನಿಲ್ಲಿಸಿ.

ಕೊನೆಯ ಸಾಲಿನಲ್ಲಿ ಎಡವಿದರೆ ಅರ್ಥವೇ ಉಲ್ಟಾ. ಸೌತೆಕಾಯಿ ತೊಟ್ಟಿನಿಂದ ಕಳಚಿದಂತೆ ಸಾವಿನಿಂದ ಬಿಡುಗಡೆ ಆಗಲಿ, ಅಮೃತದಿಂದ ಬೇಡ ಅಂತ ಕೇಳುವ ಮಾತಿದು. ‘ಮಾ’ ಅಂದರೆ ಬೇಡ, ಅದು ‘ಅಮೃತಾತ್’ ಜೊತೆ ಕೂಡಿ ‘ಮಾಮೃತಾತ್’ ಆಗಿದೆ. ‘ಮುಕ್ಷೀಯ ಮಾ’ ಅಂತ ಹೇಳಿ ಉಸಿರು ತೆಗೆದುಕೊಂಡರೆ ಬಿಡುಗಡೆಯೇ ಬೇಡ ಎಂದಂತಾಯಿತು! ಗುಂಪಿನಲ್ಲಿ ಈ ತಪ್ಪು ಬಹಳ ಸಲೀಸಾಗಿ ಆಗುತ್ತದೆ, ಯಾಕೆಂದರೆ ಉಸಿರು ಮುಗಿಯುವುದೂ ಸರಿಯಾಗಿ ಅಲ್ಲೇ. ಉಸಿರು ಸಾಲದವರು ‘ಮುಕ್-ಷೀ-ಯ’ ಆದಮೇಲೆ ತಡೆಯಲಿ. ‘ಮಾ-ಮೃ-ತಾತ್’ ಮಾತ್ರ ಒಡೆಯಬಾರದು, ಆ ಮೂರರ ಕೆಳಗೆ ಒಂದು ಕಮಾನು ಎಳೆದುಬಿಡಿ.

ನಮ್ಮ ಕಡೆ ಒಂದೇ ಸಾಲಲ್ಲಿ ಕನ್ನಡದವರೂ ಮರಾಠಿಯವರೂ ಕೂತಿರುತ್ತಾರೆ, ತಪ್ಪುಗಳು ಮಾತ್ರ ಬೇರೆ. ಮರಾಠಿ ಓದಿದವರು ಕೊನೆಯ ‘ಅ’ ನುಂಗಿ ‘ಇವ್’, ‘ಮುಕ್ಷೀಯ್’ ಅನ್ನುತ್ತಾರೆ. ಕನ್ನಡದವರು ‘ತಾತ್’ಗೆ ಒಂದು ‘ಉ’ ಸೇರಿಸಿ ‘ತಾತು’ ಮಾಡುತ್ತಾರೆ. ದೇವನಾಗರಿಯಲ್ಲಿ ಇನ್ನೊಂದು ಹಾಳೆ ಮಾಡಿದರೆ ಅದರಲ್ಲಿ ‘ವ’, ‘ಯ’ಗಳಿಗೆ ಸುತ್ತು ಹಾಕಿ, ಕನ್ನಡದ ಹಾಳೆಯಲ್ಲಿ ‘ತ್’ಗೆ ಹಾಕಿ. ಸಾಲು ಒಡೆಯುವ ಜಾಗ ಎರಡರಲ್ಲೂ ಒಂದೇ ಇರಲಿ, ಇಲ್ಲದಿದ್ದರೆ ಅರ್ಧ ಜನ ನಿಂತಾಗ ಅರ್ಧ ಜನ ಓಡುತ್ತಿರುತ್ತಾರೆ.

ಅನುದಾತ್ತ, ಸ್ವರಿತದ ಗೆರೆಗಳನ್ನು ಈ ಹಾಳೆಗೆ ತರಬೇಡಿ. ದನಿ ಏರಿಳಿತ ಗೆರೆ ನೋಡಿ ಬರುವಂಥದ್ದಲ್ಲ, ಅದಕ್ಕೆ ಕಲಿಸುವವರ ಎದುರು ಕೂತು ಕೇಳಬೇಕು. ಝೆರಾಕ್ಸ್ ಅಂಗಡಿಗೆ ಹೋಗುವ ಮೊದಲು ಮಂತ್ರ ಗೊತ್ತಿಲ್ಲದ ಒಬ್ಬರ ಕೈಗೆ ಹಾಳೆ ಕೊಟ್ಟು, ಏನೂ ಹೇಳದೆ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ತಡವರಿಸಿದ ಜಾಗದಲ್ಲಿ ತಿದ್ದಬೇಕಾದ್ದು ನಿಮ್ಮ ಹಾಳೆಯನ್ನು.