ಗೇಮ್ ಸ್ಟ್ರೀಮ್‌ನಲ್ಲಿ ನಿಮ್ಮ ಮಾತು ಮುಳುಗುತ್ತಿದೆಯೇ?

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಯಿಂದ ಶನಿವಾರ ರಾತ್ರಿ ಫುಟ್‌ಬಾಲ್ ಗೇಮ್ ಲೈವ್ ಹಾಕುತ್ತೇನೆ. ಧಾರವಾಡದಲ್ಲಿ ಕೂತು ನೋಡುವ ತಮ್ಮ ಒಂದಿನ ಫೋನ್ ಮಾಡಿ, "ಅಣ್ಣಾ, ಗೋಲ್ ಆದಾಗೆಲ್ಲ ನೀ ಏನ್ ಅಂತೀ ತಿಳಿಯೂದs ಇಲ್ಲ" ಅಂದ. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತಂತೆ.

ಬಾವಿ ದನಿಗೆ ಕಾರಣ ವೆಬ್‌ಕ್ಯಾಮ್. ಅದರೊಳಗೂ ಒಂದು ಮೈಕ್ ಇರುತ್ತದೆ, ಅದೂ ಆನ್ ಆಗಿತ್ತು. ಲೈವ್ ಕಳಿಸುವ ಸಾಫ್ಟ್‌ವೇರ್ ಆದ OBS‌ನಲ್ಲಿ ಅದನ್ನು ಮ್ಯೂಟ್ ಮಾಡಿದೆ. ಟಿವಿ ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್ ಹಾಕಿಕೊಂಡೆ.

ಆಮೇಲೆ ಮೈಕ್ ಜೋಡಿಸಿದ ಮಿಕ್ಸರ್. ಗೋಲ್ ಹೊಡೆದಾಗ ಹೇಗೆ ಕೂಗುತ್ತೀರೋ ಹಾಗೇ ಮೈಕ್‌ಗೆ ಕೂಗಿ. ಪಕ್ಕದ ಮನೆ ಕಾಕೂ ಬಾಗಿಲು ಬಡಿದರೂ ಪರವಾಗಿಲ್ಲ! ಕೆಂಪು ದೀಪ ಮಿನುಗಿದರೆ, ಅದು ನಿಲ್ಲುವ ತನಕ ಮೈಕ್ ದನಿಯನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಇಳಿಸಿ. ಇಲ್ಲಿ ಒಡೆದ ದನಿಯನ್ನು ಮುಂದೆ ಎಷ್ಟು ತಗ್ಗಿಸಿದರೂ ಸರಿಹೋಗುವುದಿಲ್ಲ.

ಈಗ OBS ಮೀಟರ್ ನೋಡಿ. ಸುಮ್ನೆ ಮಾತಾಡುವಾಗ ದನಿ ಹಳದಿಯಲ್ಲಿ, ಅಂದರೆ -20ರಿಂದ -10 ಡೆಸಿಬೆಲ್ ನಡುವೆ ಆಡಲಿ. ಗೇಮ್ ಹಸಿರಲ್ಲೇ, -25ರ ಆಸುಪಾಸು ಇರಲಿ.

ಇಷ್ಟಾದರೂ ಗೋಲ್ ಆದಾಗ ಜನರ ಗದ್ದಲ ಮೇಲೇರುತ್ತದೆ, ಅಲ್ವಾ? ಗೇಮ್ ಬರುವ ಕ್ಯಾಪ್ಚರ್ ಕಾರ್ಡ್‌ನ ಆಡಿಯೋಗೆ Compressor ಫಿಲ್ಟರ್ ಹಾಕಿ, Sidechain/Ducking Source ಜಾಗದಲ್ಲಿ ಮೈಕ್ ಆರಿಸಿ. ನೀವು ಬಾಯಿ ತೆರೆದರೆ ಗೇಮ್ ತಾನೇ ತಗ್ಗುತ್ತದೆ. ನನಗೆ Ratio 4, Threshold -35 ಹೊಂದಿತು. ಪದಪದದ ನಡುವೆ ಗೇಮ್ ಸದ್ದು ಏರಿಳಿದರೆ, ತಗ್ಗಿದ ಸದ್ದು ಮತ್ತೆ ಮೇಲೇರಲು ಹಿಡಿಯುವ ಸಮಯ, ಅಂದರೆ Release ಜಾಸ್ತಿ ಮಾಡಿ. ನಾನು 500 ಮಿಲಿಸೆಕೆಂಡ್ ಇಟ್ಟಿದ್ದೇನೆ. ಆದರೆ ಫ್ಯಾನ್ ಮೈಕ್ ಹತ್ತಿರ ಇದ್ದರೆ ಅದರ ಸದ್ದಿಗೂ ಗೇಮ್ ತಗ್ಗೀತು, ದೂರ ಇಡಿ.